ಉಡಿಯ ಕೊಬ್ಬರಿಯಲ್ಲಿ ಕಪ್ಪು ಚುಕ್ಕೆ, ಮುಗ್ಗಲು ವಾಸನೆ: ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಮನೆಗಳಲ್ಲಿ ಒಣಕೊಬ್ಬರಿ ಎರಡು ದಾರಿಯಿಂದ ಬರುತ್ತದೆ. ಒಂದು ಅಂಗಡಿಯಿಂದ, ಬೇಸಿಗೆಯಲ್ಲಿ ಮಸಾಲೆ ಖಾರ ಕುಟ್ಟಿಸುವ ಹೊತ್ತಿಗೆ. ಇನ್ನೊಂದು ಉಡಿಯಿಂದ. ಕುಬಸ, ಮದುವೆ, ಸೀರೆ ಕೊಡುವ ಶಾಸ್ತ್ರ ಯಾವುದೇ ಇರಲಿ, ಅಕ್ಕಿ, ಉತ್ತತ್ತಿ, ಅರಿಷಿಣ ಕೊಂಬು, ಬೆಲ್ಲದ ಅಚ್ಚಿನ ಜೊತೆ ಒಂದೊಂದು ಕೊಬ್ಬರಿ ಬಟ್ಟಲು ಮಡಿಲು ಸೇರುತ್ತದೆ. ಅಂಗಡಿಯಿಂದ ತಂದದ್ದನ್ನು ನೋಡಿ, ಮುರಿದು, ಆರಿಸಿ ತರುತ್ತೇವೆ. ಉಡಿಯಲ್ಲಿ ಬಂದದ್ದನ್ನು ಯಾರೂ ಪರೀಕ್ಷಿಸುವುದಿಲ್ಲ. ಅದು ಎಷ್ಟು ಹಳೆಯದು, ಯಾವ ಮನೆಯ ಉಡಿಯಿಂದ ಯಾವ ಮನೆಯ ಉಡಿಗೆ ದಾಟಿ ಬಂತು ಎಂಬುದೂ ತಿಳಿಯುವುದಿಲ್ಲ. ಕುಬಸದಲ್ಲಿ ಕೂಡಿದ ಆ ಬಟ್ಟಲುಗಳನ್ನೇ ಮುಂದೆ ಬಾಣಂತಿಯ ಅಂಟಿನ ಉಂಡೆಗೆ ತುರಿಯುತ್ತೇವೆ. ದೋಷ ಪತ್ತೆಯಲ್ಲಿ ಇಷ್ಟು ಎಚ್ಚರ ಬೇಕು ಎನ್ನುವುದು ಅದಕ್ಕೇ.

ಇಲ್ಲಿ ಬರೆಯುತ್ತಿರುವುದು ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯ ಕ್ರಮ. ಕೊಬ್ಬರಿಯಲ್ಲಿ ವಿಷ ಎಷ್ಟಿದೆ ಎಂದು ಮನೆಯಲ್ಲಿ ಅಳೆಯಲು ಆಗುವುದಿಲ್ಲ. ಆದರೆ ಬೂಷ್ಟು ಬೆಳೆಯುವಷ್ಟು ತೇವ ಅದಕ್ಕೆ ಯಾವಾಗಲಾದರೂ ತಗುಲಿತ್ತೇ ಎಂಬುದನ್ನು ಬಹಳ ಮಟ್ಟಿಗೆ ಕಂಡುಹಿಡಿಯಬಹುದು. ತೀರ್ಮಾನ ನಿಲ್ಲಬೇಕಾದದ್ದು ಆ ಪ್ರಶ್ನೆಯ ಮೇಲೆಯೇ ಹೊರತು ಚುಕ್ಕೆಯ ಬಣ್ಣದ ಮೇಲಲ್ಲ.

ಅಂಜಿಕೆ ಯಾವುದರದು

ಆಸ್ಪರ್ಜಿಲಸ್ ಫ್ಲಾವಸ್ ಎಂಬ ಶಿಲೀಂಧ್ರ ಶೇಂಗಾ, ಮೆಕ್ಕೆಜೋಳ, ಒಣಮೆಣಸಿನಕಾಯಿ, ಕೊಬ್ಬರಿಗಳ ಮೇಲೆ ಬೆಳೆಯುವಾಗ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡಬಲ್ಲದು. ಇದು ಯಕೃತ್ತಿಗೆ ಕೇಡು ಮಾಡುತ್ತದೆ, ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದು ರುಜುವಾತಾಗಿದೆ. ಹೆಪಟೈಟಿಸ್ ಬಿ ಸೋಂಕು ಇರುವವರಿಗೆ ಅಪಾಯ ಇನ್ನೂ ಹೆಚ್ಚು. ತಾಯಿ ತಿಂದರೆ ಇದರ ಒಂದು ರೂಪ ಎದೆಹಾಲಿಗೂ ಇಳಿಯುತ್ತದೆ. ಒಂದು ತುಣುಕು ತಿಂದೊಡನೆ ಏನೂ ಕಾಣಿಸುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ, ಬಹಳ ಕಾಲ ಹೊಟ್ಟೆ ಸೇರುತ್ತಿರುವುದೇ ನಿಜವಾದ ತೊಂದರೆ. ಅಂಟಿನ ಉಂಡೆಯನ್ನು ಬಾಣಂತಿ ದಿನಕ್ಕೊಂದರಂತೆ ವಾರಗಟ್ಟಲೆ ತಿನ್ನುತ್ತಾಳೆ ಎಂಬುದನ್ನು ನೆನಪಿಡಬೇಕು.

ಈ ವಿಷ ಬೇಯಿಸಿದರೆ ಹೋಗುವುದಿಲ್ಲ. ಅಡುಗೆಮನೆಯ ಶಾಖದಲ್ಲಿ ಅದರ ಬಹುಪಾಲು ಉಳಿದೇ ಇರುತ್ತದೆ. ತುಪ್ಪದಲ್ಲಿ ಹುರಿದರೆ ಮುಗ್ಗಲು ವಾಸನೆ ಮಾತ್ರ ಹೋಗುತ್ತದೆ. ಅಂದರೆ ಎಚ್ಚರಿಕೆಯ ಗುರುತು ಅಳಿದು ಅಪಾಯ ಉಳಿಯುತ್ತದೆ. ಬಿಸಿಲಿಗೆ ಒಣಗಿಸಿದರೆ ಬೂಷ್ಟು ಬೆಳೆಯುವುದು ನಿಲ್ಲುತ್ತದೆ, ಆಗಲೇ ಒಳಗೆ ಇಳಿದಿರುವ ವಿಷ ಹೋಗುವುದಿಲ್ಲ. ಕೆರೆದು, ತೊಳೆದು, ಒರೆಸಿ ಬಳಸುವುದಕ್ಕೂ ಇದೇ ಉತ್ತರ: ಮೇಲಿನ ಬೂಷ್ಟು ಬಂದೀತು, ಅದರ ಎಳೆಗಳು ತಿರುಳಿನೊಳಗೆ ಇಳಿದಿರುತ್ತವೆ.

ಮೊದಲು ಚುಕ್ಕೆ ಎಲ್ಲಿದೆ ನೋಡಿ

ಬಟ್ಟಲನ್ನು ಹಗಲು ಬೆಳಕಿನಲ್ಲಿ, ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ನೋಡಬೇಕು. ಬೂಷ್ಟಿನ ಧೂಳು ಅಸ್ತಮಾ ಇರುವವರಿಗೆ ಒಳ್ಳೆಯದಲ್ಲ. ಬಸುರಿಯನ್ನು ಈ ಕೆಲಸಕ್ಕೆ ಕೂಡಿಸಬಾರದು.

ಹೊರಮೈ ಕಂದು ಬಣ್ಣದ್ದಾಗಿರುವುದು ಸಹಜ. ಅದು ಕಾಯಿಯ ತಿರುಳಿಗೆ ಅಂಟಿಕೊಂಡಿರುವ ಸಿಪ್ಪೆ. ಕತ್ತರಿಸುವಾಗ ಆ ಸಿಪ್ಪೆಯ ಚೂರುಗಳು ಬಿಳಿ ಅಂಚಿಗೆ ಮೆತ್ತಿಕೊಂಡು ಚುಕ್ಕೆಯಂತೆ ಕಾಣುತ್ತವೆ, ಉಗುರಿನಿಂದ ಕೆರೆದರೆ ಗಟ್ಟಿಯಾಗಿ ಎದ್ದು ಬರುತ್ತವೆ, ಕೆಳಗಿನ ತಿರುಳು ಬಿಳಿಯಾಗಿಯೇ ಇರುತ್ತದೆ. ಹೊಗೆಗೂಡಿನಲ್ಲಿ ಒಣಗಿಸಿದ ಕೊಬ್ಬರಿಗೆ ಮಸಿ ಹಿಡಿದಿರುತ್ತದೆ. ಅದನ್ನು ಒಣಬಟ್ಟೆಯಿಂದ ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ, ವಾಸನೆ ಹೊಗೆಯದೇ ಹೊರತು ಮುಗ್ಗಲಿನದಲ್ಲ. ಹುಳು ಹೊಕ್ಕಿದ್ದರೆ ಸಣ್ಣ ತೂತು, ಅದರ ಬಳಿ ಹಿಟ್ಟಿನಂಥ ಪುಡಿ ಇರುತ್ತದೆ. ಹುಳು ತಿಂದದ್ದರ ಜೊತೆ ಬೂಷ್ಟೂ ಬಂದಿರುವುದು ಸಾಮಾನ್ಯವಾದ್ದರಿಂದ ಅಂಥದ್ದನ್ನು ನಾನು ಇಟ್ಟುಕೊಳ್ಳುವುದಿಲ್ಲ.

ಬೂಷ್ಟಿನ ಚುಕ್ಕೆ ಬೇರೆ ತರಹ. ಅದಕ್ಕೆ ಮಖಮಲ್ಲಿನಂಥ ಅಥವಾ ಪುಡಿಪುಡಿಯಾದ ಮೈ ಇರುತ್ತದೆ, ಅಂಚು ಸುತ್ತಲೂ ಹರಡಿಕೊಂಡಿರುತ್ತದೆ. ಕೆರೆದಾಗ ಪುಡಿ ಹೋದರೂ ಕೆಳಗೆ ಬೂದು ಅಥವಾ ಹಳದಿ ನೆರಳು ಉಳಿಯುತ್ತದೆ. ಚುಕ್ಕೆಯ ಮೇಲೆಯೇ ಚಾಕು ಇಟ್ಟು ಬಟ್ಟಲನ್ನು ಅಡ್ಡ ಕತ್ತರಿಸಿ ನೋಡಿ. ಬಣ್ಣ ತಿರುಳಿನೊಳಗೆ ಇಳಿದಿದ್ದರೆ ಅನುಮಾನ ಉಳಿಯುವುದಿಲ್ಲ.

ಚುಕ್ಕೆ ಬಟ್ಟಲಿನ ಒಳಗುಳಿಯಲ್ಲಿ ಇದ್ದರೆ ಅದಕ್ಕೆ ವಿಶೇಷ ಅರ್ಥವಿದೆ. ತಿಪಟೂರು, ಅರಸೀಕೆರೆ ಕಡೆಯ ಉಂಡೆ ಕೊಬ್ಬರಿ ತಯಾರಾಗುವುದು ಸಿಪ್ಪೆ ಸುಲಿಯದ ಕಾಯಿಯನ್ನು ಅಟ್ಟದ ಮೇಲೆ ಹಲವು ತಿಂಗಳು ಇಟ್ಟು. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಕತ್ತರಿಸುವವರೆಗೆ ಆ ಒಳಗುಳಿ ಗಾಳಿಯನ್ನೇ ಕಂಡಿರುವುದಿಲ್ಲ. ಆದ್ದರಿಂದ ಉಂಡೆಯನ್ನು ಹೋಳು ಮಾಡಿದ ಬಟ್ಟಲಿನ ಒಳಗುಳಿಯಲ್ಲಿ ಬೂಷ್ಟು ಕಂಡರೆ ಕಾರಣ ಎರಡರಲ್ಲಿ ಒಂದು: ಅಟ್ಟದ ಮೇಲೆಯೇ ಕಾಯಿ ಬಿರುಕು ಬಿಟ್ಟಿತ್ತು, ಇಲ್ಲವೇ ಕತ್ತರಿಸಿದ ಮೇಲೆ ತೇವ ತಗುಲಿತು. ಹಸಿಕಾಯಿಯನ್ನು ಒಡೆದು ಬಿಸಿಲಿನಲ್ಲಿ ಒಣಗಿಸಿದ ಕೊಬ್ಬರಿಯಾದರೆ ಒಣಗಿಸುವಾಗಲೇ ಮೋಡ ಮುಸುಕಿ ಬೂಷ್ಟು ಹಿಡಿದಿರಬಹುದು.

ಬಣ್ಣದ ಬಗ್ಗೆ ಒಂದು ಮಾತು. ಅಫ್ಲಾಟಾಕ್ಸಿನ್‌ಗೆ ಹೆಚ್ಚು ಸಂಬಂಧಪಟ್ಟದ್ದು ಕಪ್ಪು ಬೂಷ್ಟಲ್ಲ, ಹಳದಿ ಮಿಶ್ರಿತ ಹಸಿರು ಬೂಷ್ಟು. ಕಪ್ಪು ಬಣ್ಣದ್ದು ಸಾಮಾನ್ಯವಾಗಿ ಆಸ್ಪರ್ಜಿಲಸ್ ನೈಗರ್, ಅದು ಅಫ್ಲಾಟಾಕ್ಸಿನ್ ತಯಾರಿಸುವುದಿಲ್ಲ. ಹಾಗಾದರೆ ಕಪ್ಪು ಚುಕ್ಕೆಯದು ತಿನ್ನಬಹುದೇ ಎಂದು ಕೇಳಿದರೆ, ಬೇಡ. ಕಪ್ಪು ಬೂಷ್ಟು ಬೆಳೆಯಲು ಬೇಕಾದಷ್ಟು ತೇವ ಹಸಿರು ಬೂಷ್ಟಿಗೂ ಸಾಕು, ಒಂದೇ ಬಟ್ಟಲಿನಲ್ಲಿ ಎರಡೂ ಇರುತ್ತವೆ, ಹಸಿರು ಪುಡಿ ಉದುರಿ ಹೋದ ಮೇಲೂ ವಿಷ ಉಳಿದಿರುತ್ತದೆ.

ಮೂಗಿನ ಪರೀಕ್ಷೆ

ಹಳೆಯ ಕೊಬ್ಬರಿಯ ವಾಸನೆಗಳಲ್ಲಿ ಮೂರನ್ನು ಬೇರ್ಪಡಿಸಲು ಕಲಿಯಬೇಕು. ಕಮಟು ವಾಸನೆ ಎಣ್ಣೆ ಗಾಳಿಗೆ ಕೆಟ್ಟದ್ದರಿಂದ ಬರುತ್ತದೆ. ಅಂಥ ಕೊಬ್ಬರಿಯ ರುಚಿ ಕೆಟ್ಟಿರುತ್ತದೆ, ಆದರೆ ಅದು ಬೂಷ್ಟಿನ ಗುರುತಲ್ಲ. ಸಾಬೂನಿನಂಥ ವಾಸನೆ ತೇವದ ಸುಳಿವು: ನೀರಿನಂಶ ಮತ್ತು ಬೂಷ್ಟು ಸೇರಿ ಕೊಬ್ಬರಿ ಎಣ್ಣೆಯನ್ನು ಒಡೆದಾಗ ಅದು ಹುಟ್ಟುತ್ತದೆ. ಮುಗ್ಗಲು ವಾಸನೆ, ಅಂದರೆ ಮಳೆಗಾಲದಲ್ಲಿ ಮುಚ್ಚಿಟ್ಟ ಕೋಣೆಯ ಆ ವಾಸನೆ, ನೇರವಾಗಿ ಬೂಷ್ಟಿನದು.

ತಣ್ಣನೆಯ ಗಟ್ಟಿ ಬಟ್ಟಲು ವಾಸನೆಯನ್ನು ಅಡಗಿಸಿಡುತ್ತದೆ. ಅದಕ್ಕೆ ಹೀಗೆ ಮಾಡಿ. ಒಂದು ಚಮಚ ತುರಿಯನ್ನು ಲೋಟಕ್ಕೆ ಹಾಕಿ, ಅರ್ಧ ಲೋಟ ಬಿಸಿನೀರು ಹುಯ್ದು, ತಟ್ಟೆ ಮುಚ್ಚಿ 5 ನಿಮಿಷ ಬಿಡಿ. ತಟ್ಟೆ ಸರಿಸಿ, ಕೈಯಿಂದ ಹಬೆಯನ್ನು ಮೂಗಿನ ಕಡೆಗೆ ಬೀಸಿಕೊಳ್ಳಿ. ಒಳ್ಳೆಯ ಕೊಬ್ಬರಿಯಾದರೆ ಸಿಹಿಯಾದ ಕಾಯಿಹಾಲಿನ ಪರಿಮಳ ಬರುತ್ತದೆ. ಮುಗ್ಗಿದ್ದಾದರೆ ಹಬೆಯಲ್ಲಿ ಅದು ಎದ್ದು ಬರುತ್ತದೆ. ನೀರನ್ನು ಕುಡಿದು ನೋಡುವುದು ಬೇಡ, ನಾಲಿಗೆಯ ಮೇಲೆ ಇಟ್ಟು ನೋಡುವುದೂ ಬೇಡ. ಅಫ್ಲಾಟಾಕ್ಸಿನ್‌ಗೆ ಅದರದೇ ಆದ ರುಚಿ ಇಲ್ಲ.

ಉಪ್ಪಿನ ಪರೀಕ್ಷೆ

ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ನೀರಿನಂಶ ಶೇಕಡ 6ರಿಂದ 7 ಇರುತ್ತದೆ. ಅಂಥ ಬಟ್ಟಲನ್ನು ಮುರಿದರೆ ಟಕ್ಕೆಂದು ಸದ್ದಾಗಿ ತುಂಡಾಗುತ್ತದೆ. ತೇವ ಹಿಡಿದದ್ದು ಚರ್ಮದಂತೆ ಬಾಗುತ್ತದೆ. ಇದು ಬೇಗನೆ ಮುಗಿಯುವ ಪರೀಕ್ಷೆ, ಆದರೆ ನಡುವಿನ ಸ್ಥಿತಿಯಲ್ಲಿ ಇರುವುದನ್ನು ಹಿಡಿಯಲಾರದು. ಅಲ್ಲಿ ಉಪ್ಪು ಕೆಲಸಕ್ಕೆ ಬರುತ್ತದೆ.

ಗಾಳಿಯ ಆರ್ದ್ರತೆ ಸುಮಾರು ಶೇಕಡ 75 ದಾಟಿದರೆ ಶುದ್ಧ ಉಪ್ಪು ನೀರೂರಿ ಗಂಟು ಕಟ್ಟುತ್ತದೆ. ಆಸ್ಪರ್ಜಿಲಸ್ ಫ್ಲಾವಸ್ ಬೆಳೆಯಲು ಅದರ ಸುತ್ತ ಸುಮಾರು ಶೇಕಡ 80 ಬೇಕು. ಹೀಗಾಗಿ ಬೂಷ್ಟು ಏಳುವ ಗೆರೆಗಿಂತ ತುಸು ಮೊದಲೇ ಉಪ್ಪು ನಮಗೆ ಸುದ್ದಿ ಕೊಡುತ್ತದೆ.

ಪ್ಯಾಕೆಟ್ಟಿನ ನುಣ್ಣನೆಯ ಪುಡಿ ಉಪ್ಪನ್ನೇ ಬಳಸಿ. ಕಲ್ಲುಪ್ಪಿನಲ್ಲಿ ಬೇರೆ ಲವಣಗಳಿದ್ದು ಕಡಿಮೆ ಆರ್ದ್ರತೆಯಲ್ಲೂ ಒದ್ದೆಯಾಗುತ್ತದೆ, ಸುಳ್ಳು ಸುದ್ದಿ ಕೊಡುತ್ತದೆ. ಎರಡು ಚಮಚ ಉಪ್ಪನ್ನು ಒಣ ತವೆಯ ಮೇಲೆ 5 ನಿಮಿಷ ಕೈಯಾಡಿಸಿ, ಮುಚ್ಚಿದ ಡಬ್ಬಿಯಲ್ಲಿ ಆರಲು ಬಿಡಿ. ಬಿಗಿಯಾದ ಮುಚ್ಚಳದ ಗಾಜಿನ ಬಾಟಲಿಯ ಅರ್ಧದಷ್ಟು, ಸುಮಾರು 100 ಗ್ರಾಂ, ಸಣ್ಣದಾಗಿ ಮುರಿದ ಕೊಬ್ಬರಿ ಹಾಕಿ. ಒಂದು ಚಮಚ ಉಪ್ಪನ್ನು ಬಾಟಲಿಯ ಮುಚ್ಚಳದಂಥ ಸಣ್ಣ ಪಾತ್ರೆಯಲ್ಲಿಟ್ಟು ಕೊಬ್ಬರಿಯ ಮೇಲೆ ಕೂಡಿಸಿ, ಬಾಟಲಿ ಮುಚ್ಚಿ. ಕಾಳಿಗೆ ಮಾಡುವಂತೆ ಉಪ್ಪನ್ನು ಕೊಬ್ಬರಿಯ ಜೊತೆ ಕಲಸಿ ಕುಲುಕಿದರೆ ಎಣ್ಣೆಗೆ ಮೆತ್ತಿಕೊಂಡು ಏನೂ ತಿಳಿಯುವುದಿಲ್ಲ. ಇನ್ನೊಂದು ಬಾಟಲಿಯಲ್ಲಿ ಉಪ್ಪು ಮಾತ್ರ ಇಡಿ, ಹೋಲಿಸಲು. ಎರಡನ್ನೂ ಬಿಸಿಲು ಬೀಳದ ಒಂದೇ ಜಾಗದಲ್ಲಿ ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡಿ. ಕೊಬ್ಬರಿಯ ಬಾಟಲಿಯ ಉಪ್ಪು ಒದ್ದೆಯಾಗಿ ಹೊಳೆದರೆ ಅಥವಾ ಗಂಟಾದರೆ, ಇನ್ನೊಂದು ಸಡಿಲವಾಗಿ ಉದುರಿದರೆ, ಕೊಬ್ಬರಿಯಲ್ಲಿ ಬೂಷ್ಟು ಬೆಳೆಯುವ ತೇವವಿದೆ ಎಂದು ತಿಳಿಯಬೇಕು. ಎರಡೂ ಒದ್ದೆಯಾಗಿದ್ದರೆ ಮುಚ್ಚಳ ಬಿಗಿಯಿಲ್ಲ, ಪರೀಕ್ಷೆ ಮತ್ತೆ ಮಾಡಬೇಕು.

ಈ ಪರೀಕ್ಷೆಯ ಮಿತಿಯನ್ನು ಮರೆಯಬಾರದು. ಉಪ್ಪು ಹೇಳುವುದು ಇಂದಿನ ತೇವವನ್ನು. ಶ್ರಾವಣದಲ್ಲಿ ಬೂಷ್ಟು ಹಿಡಿದು ದೀಪಾವಳಿಯ ಹೊತ್ತಿಗೆ ಬಿಸಿಲಿನಲ್ಲಿ ಒಣಗಿದ ಬಟ್ಟಲು ಉಪ್ಪಿನ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಒಣಗಿದೆ ಎಂದ ಮಾತ್ರಕ್ಕೆ ಸ್ವಚ್ಛ ಎಂದಲ್ಲ. ಚುಕ್ಕೆ ಮತ್ತು ವಾಸನೆಯ ಪರೀಕ್ಷೆಯಲ್ಲಿ ಬಿದ್ದದ್ದನ್ನು ಉಪ್ಪಿನ ಪರೀಕ್ಷೆ ಎತ್ತಿ ನಿಲ್ಲಿಸಲಾರದು. ಉಪ್ಪಿನ ಪರೀಕ್ಷೆ ಬೇಕಾಗುವುದು ನೋಡಲು ಚೆನ್ನಾಗಿರುವ ಬಟ್ಟಲುಗಳಿಗೆ.

ಒಂದು ಕುಬಸದ 31 ಬಟ್ಟಲು

ಬಾಗಲಕೋಟೆಯ ನವನಗರದಲ್ಲಿ ನಮ್ಮ ಬಂಧುಗಳ ಮನೆ. ಶ್ರಾವಣದಲ್ಲಿ ಮಗಳ ಕುಬಸವಾಗಿತ್ತು, ಹೆರಿಗೆ ಹತ್ತಿರ ಬಂದಾಗ ಉಂಡೆಗೆಂದು ಕೊಬ್ಬರಿ ಹೊರತೆಗೆದರು. ವೈನಿ ನನಗೆ ಫೋನ್ ಮಾಡಿ, “ಕೆಲವದರಲ್ಲಿ ಕಪ್ಪು ಚುಕ್ಕೆ ಇವೆ, ಕೆರೆದು ಬಿಸಿಲಿಗೆ ಹಾಕಿದರೆ ಸಾಕಲ್ಲವೇ?” ಎಂದು ಕೇಳಿದರು. ಹಾಗೇ ಇಡಿ, ಕೆರೆಯಬೇಡಿ, ಬರುತ್ತೇನೆ ಎಂದೆ. ಕೆರೆದರೆ ಸುಳಿವೇ ಹೋಗುತ್ತದೆ.

ಒಟ್ಟು 31 ಬಟ್ಟಲುಗಳಿದ್ದವು. ಮೊದಲು ಅವು ಎಲ್ಲೆಲ್ಲಿ ಇದ್ದವು ಎಂದು ಕೇಳಿ ಮೂರು ಗುಂಪು ಮಾಡಿಸಿದೆ. 12 ಬಟ್ಟಲು ಉಡಿಯ ವಸ್ತ್ರದ ಗಂಟಿನಲ್ಲೇ ಇದ್ದವು. ದೇವರ ಮನೆಯಲ್ಲಿಟ್ಟ ಗಂಟನ್ನು ಎರಡು ವಾರದ ಮೇಲೆ ಬಿಚ್ಚಿದ್ದರು. 13 ಬಟ್ಟಲುಗಳನ್ನು ಅದೇ ಸಂಜೆ ಆರಿಸಿ ಸ್ಟೀಲ್ ಡಬ್ಬಿಗೆ ಹಾಕಿದ್ದರು. ಉಳಿದ 6 ಅಂಗಡಿಯಿಂದ ತಂದವು.

ಚುಕ್ಕೆ ಇದ್ದದ್ದು 9 ಬಟ್ಟಲುಗಳಲ್ಲಿ. ಅವುಗಳಲ್ಲಿ 4 ಡಬ್ಬಿಯವು. ಚುಕ್ಕೆಗಳು ಕತ್ತರಿಸಿದ ಅಂಚಿನಲ್ಲೇ ಇದ್ದವು, ಉಗುರಿಗೆ ಗಟ್ಟಿಯಾಗಿ ಸಿಕ್ಕು ಎದ್ದು ಬಂದವು, ಕೆಳಗೆ ತಿರುಳು ಬಿಳಿ. ಕಂದು ಸಿಪ್ಪೆಯ ಚೂರುಗಳು ಅವು. ಉಳಿದ 5 ಗಂಟಿನವು. ಇವುಗಳಲ್ಲಿ ಚುಕ್ಕೆ ಒಳಗುಳಿಯಲ್ಲಿತ್ತು, ಮುಟ್ಟಿದರೆ ಪುಡಿಯಾಗುತ್ತಿತ್ತು. ಎರಡರಲ್ಲಿ ಕಪ್ಪಿನ ಸುತ್ತ ಹಳದಿ ಹಸಿರು ಅಂಚು ಕಾಣುತ್ತಿತ್ತು. ಅಡ್ಡ ಕತ್ತರಿಸಿದಾಗ ಬೂದು ನೆರಳು ತಿರುಳಿನ ಅರ್ಧದವರೆಗೆ ಇಳಿದಿತ್ತು.

ಗಂಟಿನಲ್ಲಿ ಜೊತೆಗೆ ಏನೇನಿತ್ತು ಎಂದು ಕೇಳಿದೆ. ತೊಳೆದ ವೀಳ್ಯದೆಲೆ, ಬಾಳೆಹಣ್ಣು, ಒಂದು ಹಸಿ ತೆಂಗಿನಕಾಯಿ ಇತ್ತಂತೆ. ಹಣ್ಣನ್ನು ಮರುದಿನವೇ ತೆಗೆದಿದ್ದರು, ಎಲೆ ಅಲ್ಲೇ ಉಳಿದಿತ್ತು. ತೇವ ಬಂದ ದಾರಿ ತಿಳಿಯಿತು. ಎಲೆಯ ನೀರು ಅಕ್ಕಿಗೆ, ಅಲ್ಲಿಂದ ಬಟ್ಟಲಿನ ಗುಳಿಗೆ. ಬಟ್ಟೆ ಬಿಗಿಯಾಗಿ ಸುತ್ತಿದ್ದರಿಂದ ಆರಲು ಜಾಗವಿರಲಿಲ್ಲ.

ಗಂಟಿನ ಇನ್ನುಳಿದ 7 ಬಟ್ಟಲುಗಳು ನೋಡಲು ಬಿಳಿಯಾಗಿದ್ದವು. ಅತ್ತೆಯವರಿಗೆ ಅವನ್ನಾದರೂ ಉಳಿಸಿಕೊಳ್ಳುವ ಆಸೆ. ಅವುಗಳ ತುರಿಗೆ ಬಿಸಿನೀರು ಹುಯ್ದಾಗ ಮೂರರಲ್ಲಿ ಮುಗ್ಗಲು ಸ್ಪಷ್ಟವಾಗಿ ಬಂತು. ನಾಲ್ಕರಲ್ಲಿ ಏನೂ ಬರಲಿಲ್ಲ. ಆ ನಾಲ್ಕನ್ನೂ ಬಿಡಬೇಕೆಂದೇ ನಾನು ಹೇಳಿದೆ. ಅಫ್ಲಾಟಾಕ್ಸಿನ್ ಒಂದು ರಾಶಿಯಲ್ಲಿ ಸಮವಾಗಿ ಹರಡಿರುವುದಿಲ್ಲ. ಒಂದು ತುಣುಕಿನಲ್ಲಿ ಬಹಳ, ಪಕ್ಕದ್ದರಲ್ಲಿ ಏನೂ ಇಲ್ಲದಿರಬಹುದು. ಒಂದೇ ಗಂಟಿನಲ್ಲಿ, ಒಂದೇ ತೇವದಲ್ಲಿ ಎರಡು ವಾರ ಕಳೆದ ಬಟ್ಟಲಿಗೆ ಮೂಗಿನ ಒಂದು ಸಾಕ್ಷಿ ಸಾಲದು, ಅದರಲ್ಲೂ ಬಾಣಂತಿಯ ಉಂಡೆಗೆ. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊಮ್ಮಗುವಿಗಿಂತ ಕೊಬ್ಬರಿ ದೊಡ್ಡದಲ್ಲ, ತೆಗೆಯಿರಿ” ಎಂದರು.

ಡಬ್ಬಿಯ 13 ಮತ್ತು ಅಂಗಡಿಯ 6 ಬಟ್ಟಲುಗಳನ್ನು ಬೇರೆ ಬೇರೆಯಾಗಿ ಉಪ್ಪಿನ ಪರೀಕ್ಷೆಗೆ ಇಟ್ಟೆವು, ಪ್ರತಿ ಬಟ್ಟಲಿನಿಂದಲೂ ಒಂದೊಂದು ತುಂಡು ಸೇರುವಂತೆ. ಮರುದಿನ ಡಬ್ಬಿಯದರ ಉಪ್ಪು ಸಡಿಲವಾಗಿತ್ತು. ಅಂಗಡಿಯದರ ಉಪ್ಪು ಗಂಟಾಗಿತ್ತು. ಅವು ನೋಡಲು ಎಲ್ಲಕ್ಕಿಂತ ಚೆನ್ನಾಗಿದ್ದವು! ತಂದು ಮೂರೇ ದಿನವಾಗಿತ್ತು, ಪ್ಲಾಸ್ಟಿಕ್ ಚೀಲದಲ್ಲೇ ಕಟ್ಟಿಟ್ಟಿದ್ದರು, ಚೀಲದ ಒಳಮೈಯಲ್ಲಿ ಹನಿ ಕೂತಿತ್ತು. ಮೂರನ್ನು ಅಡ್ಡ ಕತ್ತರಿಸಿದೆವು. ಒಳಗೆ ನೆರಳಿಲ್ಲ, ಹಬೆಯಲ್ಲಿ ಮುಗ್ಗಲಿಲ್ಲ. ಇವುಗಳದು ಪೂರ್ತಿ ಒಣಗದ ದೋಷ, ಬೂಷ್ಟು ಇನ್ನೂ ಏಳುವ ಮೊದಲೇ ಸಿಕ್ಕಿತ್ತು. ತೆಳುವಾಗಿ ಹೆಚ್ಚಿ, ಎರಡು ದಿನ ಕಾದ ಬಿಸಿಲಿನಲ್ಲಿ ಒಣಗಿಸಿ, ಸಂಜೆ ಒಳಗಿಟ್ಟು, ಉಪ್ಪಿನ ಪರೀಕ್ಷೆ ಮತ್ತೆ ಮಾಡಿ ಮನೆಯ ಚಟ್ನಿಪುಡಿಗೆ ಇಟ್ಟುಕೊಂಡರು. ಡಬ್ಬಿಯ 13ರಲ್ಲಿ ಎರಡು ಕಮಟು ಹಿಡಿದಿದ್ದವು. ಉಳಿದ 11 ಉಂಡೆಗೆ ಹೋದವು, ಕಡಿಮೆ ಬಿದ್ದದ್ದಕ್ಕೆ ಹೊಸದಾಗಿ ಇಡೀ ಉಂಡೆ ಕೊಬ್ಬರಿ ತಂದು ಮನೆಯಲ್ಲೇ ಒಡೆದರು.

ದೋಷ ಮರುಕಳಿಸದಂತೆ

ಉಡಿ ಬಂದ ದಿನವೇ ಗಂಟು ಬಿಚ್ಚಿ ಎಲೆ, ಹಣ್ಣು, ಹಸಿಕಾಯಿಗಳನ್ನು ಬೇರೆ ಮಾಡಬೇಕು. ಶಾಸ್ತ್ರಕ್ಕೆ ಗಂಟು ಇಡಲೇಬೇಕೆಂದಿದ್ದರೆ ಅಕ್ಕಿ, ಅರಿಷಿಣ ಕೊಂಬು ಉಳಿಯಲಿ, ಕೊಬ್ಬರಿ ಹೊರಗೆ ಬರಲಿ. ಒಣಗಿಸಿದ ಬಟ್ಟಲು ಬಿಸಿ ಇರುವಾಗಲೇ ಡಬ್ಬಿ ಮುಚ್ಚಿದರೆ ಒಳಗೆ ಬೆವರುತ್ತದೆ, ಪೂರ್ತಿ ಆರಿದ ಮೇಲೆ ಮುಚ್ಚಬೇಕು. ಫ್ರಿಜ್‌ನಲ್ಲಿ ಇಡುವವರು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಹೊರತೆಗೆದಾಗ ತಣ್ಣಗಿರುವಾಗಲೇ ಮುಚ್ಚಳ ತೆರೆಯಬಾರದು. ಊರೂ ಲೆಕ್ಕಕ್ಕೆ ಬರುತ್ತದೆ. ವಿಜಯಪುರದ ಒಣ ಹವೆಯಲ್ಲಿ ಬುಟ್ಟಿಯಲ್ಲಿಟ್ಟರೂ ತಾಳುವ ಕೊಬ್ಬರಿ ಖಾನಾಪುರದ ಆಷಾಢದಲ್ಲಿ ತಾಳುವುದಿಲ್ಲ. ಅಲ್ಲಿಯ ಬೀಗರ ಮನೆಗೆ ಕಳಿಸುವಾಗ ಡಬ್ಬಿಯಲ್ಲೇ ಕಳಿಸಿ.

ಪ್ರಯೋಗಾಲಯ ಯಾವಾಗ

ಮಾರಾಟಕ್ಕೆ ಕರದಂಟು, ಉಂಡೆ, ಚಟ್ನಿಪುಡಿ ಮಾಡುವವರಿಗೆ ಮನೆಯ ಪರೀಕ್ಷೆ ಸಾಲದು. ಹಾಗೇ ತಿನ್ನುವ ಬೀಜಗಳಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕಿಲೋಗೆ 10 ಮೈಕ್ರೊಗ್ರಾಂ ಮೀರಬಾರದು ಎಂಬುದು ಭಾರತದ ಆಹಾರ ಸುರಕ್ಷತಾ ನಿಯಮ. ಇಷ್ಟು ಸಣ್ಣ ಪ್ರಮಾಣವನ್ನು ಕಣ್ಣು ಮೂಗು ಹಿಡಿಯಲಾರವು, ಅಗ್ಗದ ನೇರಳೆ ಬೆಳಕಿನ ಟಾರ್ಚನ್ನೂ ನಾನು ನಂಬುವುದಿಲ್ಲ. ಮಾದರಿ ಕಳಿಸುವಾಗ ಒಂದು ಬಟ್ಟಲು ಕಳಿಸಿದರೆ ಫಲಿತಾಂಶಕ್ಕೆ ಬೆಲೆಯಿಲ್ಲ. ಚೀಲದ ಮೇಲೆ, ನಡುವೆ, ತಳದಿಂದ ಹಲವು ಬಟ್ಟಲು ತೆಗೆದು, ಎಲ್ಲವನ್ನೂ ಒಟ್ಟಿಗೆ ಪುಡಿ ಮಾಡಿಸಿ, ಚೆನ್ನಾಗಿ ಬೆರೆಸಿದ ಪುಡಿಯಿಂದ ಮಾದರಿ ಕಟ್ಟಬೇಕು. ಕೊಳ್ಳುವ ಗ್ರಾಹಕರೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮಿನ ಅಡಿಯಲ್ಲಿ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. ಆದರೆ ಪರೀಕ್ಷೆಗೆ ಕಳಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು.

ಬಿಟ್ಟ ಕೊಬ್ಬರಿಯನ್ನು ಏನು ಮಾಡುವುದು

ಎಮ್ಮೆಗೆ ಹಾಕಬೇಡಿ. ಹಿಂಡಿಯಲ್ಲಿ ಅಥವಾ ಮೇವಿನಲ್ಲಿ ಹೋದ ಅಫ್ಲಾಟಾಕ್ಸಿನ್ ಎಂ1 ಎಂಬ ರೂಪದಲ್ಲಿ ಹಾಲಿಗೆ ಬರುತ್ತದೆ, ಆ ಹಾಲನ್ನು ಕುಡಿಯುವವರು ಮತ್ತೆ ನಾವೇ. ಕೋಳಿಗಳು ಇದಕ್ಕೆ ಇನ್ನೂ ಬೇಗ ಸೋಲುತ್ತವೆ. ಗಾಣಕ್ಕೆ ಕೊಟ್ಟು ಎಣ್ಣೆ ತೆಗೆಸುವುದೂ ಬೇಡ: ವಿಷದ ಹೆಚ್ಚು ಪಾಲು ಹಿಂಡಿಯಲ್ಲಿ ಉಳಿದರೂ ಶುದ್ಧೀಕರಿಸದ ಎಣ್ಣೆಗೂ ಸ್ವಲ್ಪ ಇಳಿಯುತ್ತದೆ. ಇಂಥ ಕೊಬ್ಬರಿಯಿಂದ ಉಂಡೆ ಆಗಲೇ ಕಟ್ಟಿದ್ದರೆ ತುಪ್ಪ, ಅಂಟು, ಉತ್ತತ್ತಿಯ ಬೆಲೆ ಎಷ್ಟೇ ಇರಲಿ, ಅದನ್ನೂ ಬಿಡಬೇಕು. ಒಂದೆರಡು ಉಂಡೆ ತಿಂದಾಗಿದೆ ಎಂದು ಗಾಬರಿಯಾಗುವ ಕಾರಣವಿಲ್ಲ. ವಾಂತಿ, ಹೊಟ್ಟೆನೋವು, ಕಣ್ಣು ಹಳದಿಯಾಗುವುದು ಕಂಡರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಉಡಿಯ ವಸ್ತುವನ್ನು ಕಸಕ್ಕೆ ಹಾಕಲು ಹಿರಿಯರ ಮನಸ್ಸು ಒಪ್ಪುವುದಿಲ್ಲ, ಅದು ನ್ಯಾಯವೂ ಹೌದು. ನವನಗರದ ಆ ಮನೆಯಲ್ಲಿ ಹಿತ್ತಲಿನ ಬೇವಿನ ಬುಡದಿಂದ ತುಸು ದೂರ, ನಾಯಿ ಕೋಳಿ ಕೆದರಲಾರದಂತೆ ಮೊಳಕಾಲುದ್ದದ ಗುಂಡಿ ತೋಡಿ, 12 ಬಟ್ಟಲುಗಳನ್ನೂ ಅಕ್ಕಿಯನ್ನೂ ಹಾಕಿ ಮಣ್ಣು ಮುಚ್ಚಿದರು.